ಬೋರಿನ ನೀರು 120 ಅಡಿ ಏರಿತೇ? ಗಟ್ಟಿ ಪ್ರಶ್ನೆಯನ್ನು ಮರ್ಯಾದೆ ಕೆಡದಂತೆ ಕೇಳುವ ಬಗೆ

ತಿಪಟೂರು ಕಡೆಯ ಒಂದು ಊರು, ಹಾಲಿನ ಡೈರಿ ಕಟ್ಟಡ, 2023ರ ಜೂನ್ ತಿಂಗಳು. ಸುಣ್ಣ ಬಳಿದ ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕು ಬಿದ್ದಿದೆ. ಜಲಾನಯನ ಕೆಲಸ ಮಾಡುವ ಸಂಸ್ಥೆಯೊಂದರ ಯುವ ಎಂಜಿನಿಯರ್, ಹೆಣ್ಣುಮಗಳು, ಕೊಳವೆಬಾವಿ ಮರುಪೂರಣದಿಂದ ಏನಾಯಿತು ಎಂದು ತೋರಿಸುತ್ತಿದ್ದಾರೆ. ಕೇಸಿಂಗ್ ಪೈಪಿನ ಸುತ್ತ ಸುಮಾರು ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಆಳದ ಗುಂಡಿ ತೋಡಿ, ಪೈಪಿಗೆ ತೂತು ಕೊರೆದು ನೈಲಾನ್ ಜಾಲರಿ ಸುತ್ತಿ, ಕೆಳಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಕೊನೆಗೆ ಮರಳು ತುಂಬಿ, ಮಳೆಯಲ್ಲಿ ಹರಿಯುವ ನೀರನ್ನು ಅಲ್ಲಿಗೆ ತಿರುಗಿಸುವ ಕೆಲಸ ಅದು. ಗೋಡೆಯ ಮೇಲಿನ ದೊಡ್ಡ ಅಕ್ಷರ ಹೇಳುತ್ತಿದೆ: "ಇಂಗುಗುಂಡಿಯಿಂದ ನೀರಿನ ಮಟ್ಟ 120 ಅಡಿ ಏರಿಕೆ."

ಮೂರನೇ ಸಾಲಿನಲ್ಲಿ ಕೂತ ತೆಂಗಿನ ತೋಟದ ಯಜಮಾನರೊಬ್ಬರಿಗೆ ಅರವತ್ತು ದಾಟಿದೆ. ಅವರ ತಲೆಯಲ್ಲಿ ಒಂದೇ ಮಾತು ಓಡುತ್ತಿದೆ: ಹೋದ ವರ್ಷ ಮಳೆ ಹಾಗೆ ಹೊಡೆದಿತ್ತಲ್ಲ, ಗುಂಡಿ ತೋಡದ ನನ್ನ ಬೋರಲ್ಲೂ ನೀರು ಬಂತಲ್ಲ!

ಅವರು ಎದ್ದು ನಿಂತು ಏನು ಹೇಳುತ್ತಾರೆ ಎನ್ನುವುದರ ಮೇಲೆ ಮುಂದಿನ ಹತ್ತು ನಿಮಿಷ ನಿಂತಿದೆ. ಈ ಸಭೆ, ಈ ಇಬ್ಬರು, ಈ ಅಂಕಿಗಳು ಎಲ್ಲ ಉದಾಹರಣೆಗಾಗಿ ನಾನೇ ಕಟ್ಟಿದವು. ಇಂಥ ಸಭೆಗಳಲ್ಲಿ ಬೇಕಾದಷ್ಟು ಸಲ ಕೂತಿದ್ದೇನೆ, ಹಾಗಾಗಿ ಕಟ್ಟುವುದು ಕಷ್ಟವಾಗಲಿಲ್ಲ.

ಕೈ ಎತ್ತುವ ಮುಂಚೆ ಎರಡು ಸಾಲು

ಚೀಟಿಯಲ್ಲೋ ಆಮಂತ್ರಣದ ಹಿಂಬದಿಯಲ್ಲೋ ಎರಡು ಸಾಲು ಬರೆದುಕೊಳ್ಳಿ. ಮೊದಲ ಸಾಲಿನಲ್ಲಿ ನಿಮಗೆ ಅನುಮಾನ ಬಂದ ಅಂಕಿ, ಅದು ಯಾವ ಚಿತ್ರದಲ್ಲಿತ್ತು ಎನ್ನುವುದು. ಎರಡನೆಯದರಲ್ಲಿ ಆ ಅಂಕಿ ಬೇರೆ ಯಾವ ಕಾರಣದಿಂದ ಬಂದಿರಬಹುದು ಎನ್ನುವುದು. ನಮ್ಮ ಯಜಮಾನರ ಚೀಟಿಯಲ್ಲಿ ಹೀಗಿರುತ್ತದೆ: "3ನೇ ಚಿತ್ರ, 120 ಅಡಿ. ಮೇ–ನವೆಂಬರ್ ಹೋಲಿಕೆ, 2022ರ ಮಳೆ."

ಬರೆದದ್ದನ್ನು ಒಂದು ಸಲ ಒರೆಗೆ ಹಚ್ಚಿ. ಈ ಪ್ರಶ್ನೆಗೆ ಎದುರಿನವರು ಒಂದು ಅಂಕಿಯನ್ನೋ ಒಂದು ತಾರೀಖನ್ನೋ "ಅದನ್ನು ಅಳೆದಿಲ್ಲ" ಎಂಬ ಮಾತನ್ನೋ ಉತ್ತರವಾಗಿ ಕೊಡಬಹುದೇ? ಕೊಡಬಹುದಾದರೆ ಅದು ಪ್ರಶ್ನೆ. ಕ್ಷಮೆ ಕೇಳುವುದು ಅಥವಾ ತಿರುಗಿ ಬೀಳುವುದು, ಇವೆರಡು ಬಿಟ್ಟು ಬೇರೆ ದಾರಿ ಅವರಿಗೆ ಉಳಿಯದಿದ್ದರೆ ನಿಮ್ಮ ಕೈಯಲ್ಲಿರುವುದು ಇನ್ನೂ ಸಿಟ್ಟು, ಪ್ರಶ್ನೆಯಾಗಿ ಮಾಗಿಲ್ಲ. "ನೀವೆಲ್ಲ ಲೆಕ್ಕ ತೋರಿಸೋಕೆ ಹೀಗೇ ಮಾಡ್ತೀರಿ" ಎನ್ನುವುದಕ್ಕೆ ಯಾವ ಅಂಕಿಯನ್ನು ಉತ್ತರವಾಗಿ ಕೊಡುವುದು?

ಇಲ್ಲಿ ಯಜಮಾನರ ಅನುಮಾನಕ್ಕೆ ಬಲವಾದ ಆಧಾರವಿದೆ. ಕೊಳವೆಬಾವಿಯ ಮಟ್ಟವನ್ನು ನೆಲದಿಂದ ಕೆಳಕ್ಕೆ ಎಷ್ಟು ಅಡಿಗೆ ನೀರು ಸಿಗುತ್ತದೆ ಎಂದು ಅಳೆಯುತ್ತಾರೆ. 310 ಅಡಿಯಲ್ಲಿದ್ದದ್ದು 190ಕ್ಕೆ ಬಂದರೆ 120 ಅಡಿ ಏರಿದಂತೆ. ಆದರೆ ಮೇ ತಿಂಗಳಲ್ಲಿ ನೀರು ವರ್ಷದಲ್ಲೇ ಅತಿ ಆಳಕ್ಕೆ ಇಳಿದಿರುತ್ತದೆ, ಮುಂಗಾರು ಮುಗಿದ ನವೆಂಬರಿನಲ್ಲಿ ಮೇಲಿರುತ್ತದೆ. ಗುಂಡಿ ಇದ್ದರೂ ಇಲ್ಲದಿದ್ದರೂ ಹಾಗೇ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ, ಮುಂಗಾರಿಗೆ ಮುಂಚೆಯೂ ನಂತರವೂ ಅಳೆಯುವುದು ಈ ಏರಿಳಿತ ಹಿಡಿಯಲಿಕ್ಕೇ. ಅದರ ಮೇಲೆ 2022ರಲ್ಲಿ ದಕ್ಷಿಣ ಒಳನಾಡಿನಲ್ಲಿ ಮಳೆ ವಾಡಿಕೆಗಿಂತ ಬಹಳ ಹೆಚ್ಚು ಸುರಿಯಿತು, ಎಷ್ಟೋ ವರ್ಷ ತುಂಬದಿದ್ದ ಕೆರೆಗಳು ಕೋಡಿ ಹರಿದವು. ಹೀಗಿರುವಾಗ 120 ಅಡಿಯಲ್ಲಿ ಗುಂಡಿಯ ಪಾಲೆಷ್ಟು, ಮಳೆಯ ಪಾಲೆಷ್ಟು?

ಮಾತುಕತೆ

*ಯಜಮಾನರು:* ಮೇಡಂ, ನಂದೊಂದು ಪ್ರಶ್ನೆ ಇದೆ. ಮೂರನೇ ಚಿತ್ರಕ್ಕೆ ಒಂದ್ಸಲ ಹಿಂದಕ್ಕೆ ಹೋಗ್ತೀರಾ?

*ಎಂಜಿನಿಯರ್:* ಇದೇನಾ ಯಜಮಾನ್ರೇ?

*ಯಜಮಾನರು:* ಹ್ಞೂಂ, ಅದೇ. ಮೇ ತಿಂಗಳಲ್ಲಿ 310 ಅಡಿ, ನವೆಂಬರಲ್ಲಿ 190 ಅಂತ ಇದೆ. ನಮ್ಮ ಕಡೆ ಗುಂಡಿ ಇಲ್ದೇ ಇರೋ ಬೋರಲ್ಲೂ ಮಳೆಗಾಲ ಆದ್ಮೇಲೆ ನೀರು ಮೇಲೆ ಬರುತ್ತೆ. ಹೋದ ವರ್ಷ ಅಂತೂ ಮಳೆ ಬಿಡಲೇ ಇಲ್ಲ. ಇದರಲ್ಲಿ ಮಳೆಯಿಂದ ಆಗಿದ್ದೆಷ್ಟು, ಗುಂಡಿಯಿಂದ ಆಗಿದ್ದೆಷ್ಟು ಅಂತ ಬೇರೆ ಮಾಡಿ ನೋಡೋಕೆ ಆಗುತ್ತಾ? ಗುಂಡಿ ಮಾಡದೇ ಇರೋ ಬೋರುಗಳನ್ನೂ ಅಳೆದಿದ್ದೀರಾ?

*ಎಂಜಿನಿಯರ್:* ಎಲ್ಲರಿಗೂ ಕೇಳಿಸಲಿ ಅಂತ ಇನ್ನೊಂದ್ಸಲ ಹೇಳ್ತೀನಿ. 120 ಅಡಿ ಪೂರ್ತಿ ಗುಂಡಿಯಿಂದಲೇ ಬಂತಾ, ಇಲ್ಲ ಮಳೆಯಿಂದ ಹೇಗೂ ಬರ್ತಿತ್ತಾ ಅಂತ ಯಜಮಾನ್ರು ಕೇಳ್ತಿದ್ದಾರೆ. ಸರಿನಾ?

*ಯಜಮಾನರು:* ಅಷ್ಟೇ.

*ಎಂಜಿನಿಯರ್:* ಪೂರ್ತಿ ಗುಂಡಿಯಿಂದ ಅಲ್ಲ. ಅದೇ ಊರಲ್ಲಿ ಗುಂಡಿ ಇಲ್ಲದ ನಾಲ್ಕು ಬೋರು ಅಳೆದಿದ್ವಿ, ಚಿತ್ರದಲ್ಲಿ ಹಾಕಿಲ್ಲ. ಅಲ್ಲಿ 300ರಿಂದ 205ಕ್ಕೆ ಬಂತು. 95 ಅಡಿ ಏರಿಕೆ.

*ಯಜಮಾನರು:* ಹಂಗಾದ್ರೆ ಗುಂಡಿ ಲೆಕ್ಕಕ್ಕೆ 25 ಅಡಿ.

*ಎಂಜಿನಿಯರ್:* ನವೆಂಬರ್ ಲೆಕ್ಕದಲ್ಲಿ ಹೌದು. ನಾಲ್ಕೇ ಬೋರು ಆದ್ದರಿಂದ ಆ 25ನ್ನೂ ಗಟ್ಟಿ ಅಂತ ಹೇಳೋಕಾಗಲ್ಲ.

*ಯಜಮಾನರು:* ಇನ್ನೊಂದು ಕೇಳ್ಲಾ? ಈ ವರ್ಷ ಮೇ ತಿಂಗಳಲ್ಲಿ ಎಷ್ಟಿತ್ತು? ನಮಗೆ ನೀರು ಬೇಕಾಗೋದು ಆವಾಗ.

*ಎಂಜಿನಿಯರ್:* ಒಂದು ನಿಮಿಷ, ಪುಸ್ತಕ ನೋಡ್ತೀನಿ... ಗುಂಡಿ ಇರೋದು 285, ಇಲ್ಲದ್ದು 280. ಅಂದ್ರೆ ಹೋದ ಮೇ ತಿಂಗಳಿಗಿಂತ ಇವು 25 ಅಡಿ ಮೇಲಿವೆ, ಅವು 20 ಅಡಿ ಮೇಲಿವೆ.

*ಯಜಮಾನರು:* ಐದಡಿ ವ್ಯತ್ಯಾಸ.

*ಎಂಜಿನಿಯರ್:* ಐದೇ ಅಡಿ. ಒಂದು ಬೋರಿಗೂ ಇನ್ನೊಂದಕ್ಕೂ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರುತ್ತೆ. ಬೇಸಿಗೆ ಹೊತ್ತಿಗೆ ಗುಂಡಿಯಿಂದ ಲಾಭ ಉಳೀತು ಅಂತ ಈ ಅಳತೆ ಮೇಲೆ ನಾನು ಹೇಳಲಾರೆ.

*ಯಜಮಾನರು:* ಸರಿ. ಕೊನೇದು. ಮೊದಲು 20 ಗುಂಡಿ ಅಂದ್ರಿ, ಚಿತ್ರದಲ್ಲಿ 12 ಬೋರು ಇದೆ. ಉಳಿದ ಎಂಟರ ಅಳತೆ ಸಿಗಲಿಲ್ವಾ?

*ಎಂಜಿನಿಯರ್:* ಐದು ಬೋರಲ್ಲಿ ಮುಚ್ಚಳಕ್ಕೆ ತೂತಿಲ್ಲ, ಟೇಪು ಇಳಿಸೋಕಾಗಲಿಲ್ಲ. ಮೂರು ಒಣಗಿವೆ.

*ಯಜಮಾನರು:* ಗುಂಡಿ ಮಾಡಿದ ಮೇಲೂ?

*ಎಂಜಿನಿಯರ್:* ಮಾಡಿದ ಮೇಲೂ. ನೀರೇ ಇಲ್ಲದ ಕಡೆ ಅಳತೆ ಇರಲ್ಲ, ಅದಕ್ಕೆ ಸರಾಸರಿಯಲ್ಲಿ ಸೇರಲಿಲ್ಲ. ಆದ್ರೆ ಮೂರು ಒಣಗಿದ್ವು ಅಂತ ಚಿತ್ರದ ಕೆಳಗೆ ಬರೀಬೇಕಿತ್ತು. ಅದು ನನ್ನ ಕಡೆಯಿಂದ ಬಿಟ್ಟು ಹೋಗಿದೆ.

*ಯಜಮಾನರು:* ಆಯ್ತು ಮೇಡಂ. ಆ ಮೂರು ಯಾವ ಜಾಗದಲ್ಲಿವೆ ಅಂತ ಆಮೇಲೆ ತೋರಿಸಿ. ನನ್ನ ತೋಟದ ಪಕ್ಕದ್ದೂ ಇರಬಹುದು.

ಇಲ್ಲಿ ನಡೆದದ್ದೇನು

ಈ ಮಾತುಕತೆ ಮುಗಿಯುವಷ್ಟರಲ್ಲಿ 120 ಅಡಿ 25ಕ್ಕೆ, 25 ಐದಕ್ಕೆ ಇಳಿಯಿತು, ಜೊತೆಗೆ ಮೂರು ಒಣ ಬೋರುಗಳು ಹೊರಬಂದವು. ಇದಕ್ಕಿಂತ ಗಟ್ಟಿಯಾದ ಪ್ರಶ್ನೆಗಳನ್ನು ಆ ಸಭೆಯಲ್ಲಿ ಕೇಳುವುದು ಕಷ್ಟ. ಆದರೂ ಯಾರೂ ಮುಖ ಕೆಂಪಗೆ ಮಾಡಿಕೊಳ್ಳಲಿಲ್ಲ. ಯಜಮಾನರು ಮೆದುವಾಗಿ ಮಾತಾಡಿದ್ದು ಅದಕ್ಕೆ ಕಾರಣ ಎಂದು ನನಗನ್ನಿಸುವುದಿಲ್ಲ. "ದಯವಿಟ್ಟು", "ತಪ್ಪು ತಿಳೀಬೇಡಿ" ಅವರ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಅವರು ಪ್ರತಿ ಸಲ ಕೈ ತೋರಿಸಿದ್ದು ಗೋಡೆಯ ಕಡೆಗೆ, ಚಿತ್ರದ ಅಂಕಿಯ ಕಡೆಗೆ. ಅಲ್ಲಿ ನಿಂತ ಹುಡುಗಿಯ ಕಡೆಗಲ್ಲ.

ಕನ್ನಡದಲ್ಲಿ ಇದನ್ನು ಮಾಡಿಕೊಡುವುದು ಕ್ರಿಯಾಪದ. "120 ಅಡಿ ಅಂತ ಹೇಗೆ ಹೇಳ್ತೀರಿ?" ಎಂದು ಕೇಳಿ ನೋಡಿ. ಪದಗಳಲ್ಲಿ ತಪ್ಪೇನಿಲ್ಲ, ಬಹುವಚನವೂ ಇದೆ, ಆದರೂ ಕೇಳಿದವರಿಗೆ ಅದು ಜಗಳದ ಮೊದಲ ವಾಕ್ಯ. "ಹೇಗೆ ಹೇಳ್ತೀರಿ" ಎಂದರೆ ಹೇಳಬಾರದಾಗಿತ್ತು ಎಂದೇ ಅರ್ಥ. ಅದನ್ನೇ "120 ಅಡಿ ಅಂತ ಹೇಗೆ ಗೊತ್ತಾಯ್ತು?" ಎಂದರೆ ಅಳತೆಯ ವಿಧಾನ ಕೇಳಿದಂತಾಗುತ್ತದೆ. ಎಂಟು ಬೋರಿನ ಪ್ರಶ್ನೆಯೂ ಹಾಗೆಯೇ. "ಎಂಟನ್ನ ಯಾಕೆ ಬಿಟ್ರಿ?" ಎಂದರೆ ಬಿಟ್ಟವರು ಬೇಕೆಂದೇ ಬಿಟ್ಟರು ಎಂದು ಮೊದಲೇ ತೀರ್ಮಾನಿಸಿದ ಹಾಗೆ. "ಎಂಟರ ಅಳತೆ ಸಿಗಲಿಲ್ವಾ?" ಎಂಬುದರಲ್ಲಿ ಸಿಗದಿರಲು ಕಾರಣ ಇರಬಹುದು ಎಂಬ ಜಾಗ ಉಳಿಯುತ್ತದೆ. ಐದಕ್ಕೆ ಕಾರಣ ಇತ್ತು ಕೂಡ. ಹಾಗೆಂದು ಪ್ರಶ್ನೆಯ ಮೊನೆ ಮಂಕಾಗಲಿಲ್ಲ, ಮೂರು ಒಣ ಬೋರು ಹೊರಬಂದದ್ದು ಅದೇ ಪ್ರಶ್ನೆಯಿಂದ.

ಇನ್ನು "ನೀವು, ತಾವು" ಮಾತು. ಸಭೆಯಲ್ಲಿ ತಾವು ಎಂದೊಡನೆ ಮರ್ಯಾದೆ ಬಂತು ಎಂದುಕೊಂಡವರಿದ್ದಾರೆ. "ತಾವು ಓದಿದವರು, ತಮಗೆ ಗೊತ್ತಿಲ್ಲದ್ದು ನಮಗೇನು ಗೊತ್ತು?" ಎಂಬ ವಾಕ್ಯದಲ್ಲಿ ಎರಡು ಗೌರವವಾಚಕಗಳಿವೆ, ಚೂರೂ ಗೌರವವಿಲ್ಲ. ಇದರ ಇನ್ನೊಂದು ತುದಿ ಪ್ರೀತಿಯ ಏಕವಚನ. ಅರವತ್ತರ ಯಜಮಾನರು ಮನೆ ಜಗಲಿಯಲ್ಲಿ ಆಕೆಯನ್ನು "ಏನಮ್ಮಾ, ಊಟ ಆಯ್ತಾ ನಿಂದು" ಎಂದರೆ ಅಕ್ಕರೆ. ಅದೇ ಮಾತಿನ ಧಾಟಿಯಲ್ಲಿ ನೂರು ಜನರ ಮುಂದೆ "ಅಲ್ಲಮ್ಮಾ, ನೀನು ಮಳೆ ಲೆಕ್ಕ ಹಾಕ್ಲೇ ಇಲ್ವಲ್ಲ" ಎಂದರೆ ಉತ್ತರ ಕೊಡುವ ಎಂಜಿನಿಯರ್ ಒಂದೇ ಏಟಿಗೆ ಮನೆಯ ಹುಡುಗಿಯಾಗುತ್ತಾಳೆ. ಸಭೆ ನಗುತ್ತದೆ, ಪ್ರಶ್ನೆ ಸಾಯುತ್ತದೆ. ನಮ್ಮ ಯಜಮಾನರು "ಮೇಡಂ" ಎಂದದ್ದೂ ಆಕೆ "ಯಜಮಾನ್ರೇ" ಎಂದದ್ದೂ ಆ ಜಾಗಕ್ಕೆ ಸರಿಯಾಗಿದ್ದವು. ಮಾತುಕತೆ ಮುಗಿಯುವ ತನಕ ಇಬ್ಬರೂ ಅದನ್ನು ಬದಲಿಸಲಿಲ್ಲ. ನಡುವೆ ಬದಲಾದರೆ ಎಲ್ಲರ ಕಿವಿಗೂ ಬೀಳುತ್ತದೆ.

ಒಂದಾದ ಮೇಲೆ ಒಂದು

ಯಜಮಾನರ ಬಳಿ ಮೂರು ಅನುಮಾನಗಳಿದ್ದವು: ಮಳೆ, ಬೇಸಿಗೆಯ ಮಟ್ಟ, ಕಾಣೆಯಾದ ಎಂಟು ಬೋರು. ಮೂರನ್ನೂ ಒಟ್ಟಿಗೆ ಸುರಿದಿದ್ದರೆ ಎಂಜಿನಿಯರ್ ಸುಲಭವಾದದ್ದೊಂದನ್ನು ಆರಿಸಿಕೊಂಡು ಉತ್ತರಿಸುತ್ತಿದ್ದರು, ಉಳಿದ ಎರಡು ಗಾಳಿಗೆ ಹೋಗುತ್ತಿದ್ದವು. ಇದು ಕಳ್ಳತನವೇನಲ್ಲ, ಮೂರು ಪ್ರಶ್ನೆ ಒಟ್ಟಿಗೆ ಬಂದರೆ ಯಾರಾದರೂ ಹಾಗೇ ಮಾಡುತ್ತಾರೆ. ಒಂದೊಂದಾಗಿ ಕೇಳಿದ್ದರಿಂದ ಪ್ರತಿಯೊಂದಕ್ಕೂ ಒಂದು ಅಂಕಿ ಬಂತು.

ಸಾಲುಗಟ್ಟುವುದರಲ್ಲೂ ಒಂದು ಉಪಾಯವಿದೆ. ಎಂಟು ಬೋರಿನ ಪ್ರಶ್ನೆ ಮೂರರಲ್ಲಿ ಅತಿ ಚೂಪಾದದ್ದು, ಯಾಕೆಂದರೆ ಅದು ಪ್ರಾಮಾಣಿಕತೆಯ ಹತ್ತಿರ ಸುಳಿಯುತ್ತದೆ. ಮೊದಲೇ ಅದನ್ನು ಕೇಳಿದ್ದರೆ ಆಕೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೊದಲ ಎರಡಕ್ಕೆ ನೇರ ಉತ್ತರ ಕೊಟ್ಟು, ಕೊಟ್ಟದ್ದನ್ನು ಎದುರಿನವರು ಸರಿ ಎಂದು ಒಪ್ಪಿಕೊಂಡದ್ದನ್ನು ಕಂಡ ಮೇಲೆ, ಮೂರನೆಯದಕ್ಕೂ ನೇರ ಉತ್ತರ ಬರುವ ಸಾಧ್ಯತೆ ಹೆಚ್ಚು. ಆದರೆ ಸಮಯ ಐದೇ ನಿಮಿಷವಿದ್ದು ಒಂದೇ ಪ್ರಶ್ನೆಗೆ ಅವಕಾಶ ಎಂದರೆ ನಾನಂತೂ ಈ ಉಪಾಯ ಬಿಟ್ಟು ಮಳೆಯ ಪ್ರಶ್ನೆಯನ್ನೇ ಕೇಳುತ್ತೇನೆ. ದೊಡ್ಡ ಅಂಕಿ ಅಲುಗಾಡುವುದು ಅದರಿಂದ.

ಪ್ರಶ್ನೆಗೆ ಮುಂಚೆ ತಮ್ಮ ಅನುಭವ ಹೇಳುವುದು ನಮ್ಮಲ್ಲಿ ಹಳೆಯ ಚಾಳಿ. "ನಾನು ನಲವತ್ತು ವರ್ಷದಿಂದ ತೆಂಗು ಬೆಳೀತಿದ್ದೀನಿ, ನಮ್ಮಪ್ಪನ ಕಾಲದಲ್ಲಿ ತೆರೆದ ಬಾವಿ ಇತ್ತು" ಎಂದು ಹೊರಟರೆ ಐದು ನಿಮಿಷಕ್ಕೆ ಪ್ರಶ್ನೆ ಸಿಗುವುದಿಲ್ಲ. ಯಜಮಾನರು ಅನುಭವ ಹೇಳಲೇ ಇಲ್ಲವೆಂದಲ್ಲ. "ಗುಂಡಿ ಇಲ್ದೇ ಇರೋ ಬೋರಲ್ಲೂ ನೀರು ಮೇಲೆ ಬರುತ್ತೆ" ಎಂಬುದು ಅನುಭವವೇ. ಪ್ರಶ್ನೆಗೆ ಬೇಕಾದಷ್ಟು, ಒಂದು ವಾಕ್ಯ.

ಗೋಡೆಯ ಪಕ್ಕ ನಿಂತವರಿಗೆ

ಎಂಜಿನಿಯರ್ ಮಾಡಿದ ಮೊದಲ ಕೆಲಸ ಪ್ರಶ್ನೆಯನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಿ "ಸರಿನಾ?" ಎಂದು ಕೇಳಿದ್ದು. ಹಿಂದಿನ ಸಾಲಿಗೆ ಕೇಳಿಸಲಿ ಎಂಬುದು ಒಂದು ಕಾರಣ. ತಿರುಗಿ ಹೇಳುವ ಹತ್ತು ಸೆಕೆಂಡಿನಲ್ಲಿ ಎದೆಬಡಿತ ಇಳಿಯುತ್ತದೆ ಎಂಬುದು ಇನ್ನೊಂದು. ಹೀಗೆ ಹೇಳುವಾಗ ಪ್ರಶ್ನೆಯನ್ನು ಪುಸಲಾಯಿಸಿ ಸಣ್ಣದು ಮಾಡಬಾರದು. "ಮಳೆ ಚೆನ್ನಾಗಿತ್ತು ಅಂತ ಯಜಮಾನ್ರು ಹೇಳ್ತಿದ್ದಾರೆ" ಎಂದು ಹೇಳಿಬಿಟ್ಟಿದ್ದರೆ ಪ್ರಶ್ನೆಯೇ ಹಾರಿಹೋಗುತ್ತಿತ್ತು, ಯಜಮಾನರಿಗೆ ಅವಮಾನವೂ ಆಗುತ್ತಿತ್ತು.

ಎರಡನೆಯದು, ಮೊದಲು ಉತ್ತರ, ಆಮೇಲೆ ವಿವರಣೆ. "ಪೂರ್ತಿ ಗುಂಡಿಯಿಂದ ಅಲ್ಲ" ಎಂಬುದು ಮೊದಲ ವಾಕ್ಯ. ಇದರ ಬದಲು ಕಲ್ಲುಬಂಡೆಯ ಬಿರುಕಿನಲ್ಲಿ ನೀರು ಹೇಗೆ ಹರಿಯುತ್ತದೆ, ಕೇಸಿಂಗ್ ತೂತು ಎಷ್ಟು ಅಗಲ ಎಂದು ಶುರುಮಾಡಿದ್ದರೆ ಎಲ್ಲವೂ ನಿಜವೇ ಆಗಿದ್ದರೂ ಸಭೆಗೆ ಅದು ನುಣುಚಿಕೊಳ್ಳುವ ಮಾತಾಗಿ ಕೇಳುತ್ತಿತ್ತು. "ಒಳ್ಳೇ ಪ್ರಶ್ನೆ" ಎಂದು ಹೊಗಳುವುದೂ ಬೇಡ. ಒಬ್ಬರಿಗೆ ಹೇಳಿ ಮುಂದಿನವರಿಗೆ ಹೇಳದಿದ್ದರೆ ಅವರ ಪ್ರಶ್ನೆ ಕೆಟ್ಟದಾಯಿತಲ್ಲ.

ಮೂರು ಒಣ ಬೋರಿನ ವಿಷಯದಲ್ಲಿ ಆಕೆ "ನನ್ನ ಕಡೆಯಿಂದ ಬಿಟ್ಟು ಹೋಗಿದೆ" ಎಂದು ಒಂದೇ ಸಲ ಹೇಳಿ ನಿಲ್ಲಿಸಿದರು. ಅಲ್ಲಿ ಯಜಮಾನರೂ ನಿಲ್ಲಿಸಿದರು, ಇದನ್ನು ಗಮನಿಸಿ. ಒಪ್ಪಿಕೊಂಡ ಮೇಲೆ "ನೋಡಿ, ಅದಕ್ಕೇ ಕೇಳಿದ್ದು" ಎಂದು ಇನ್ನೊಂದು ಮೊಳೆ ಹೊಡೆಯುವ ಆಸೆ ಯಾರಿಗಾದರೂ ಬರುತ್ತದೆ. ಗೌರವದ ಮಾತುಕತೆಗಳು ಹೆಚ್ಚಾಗಿ ಕೆಡುವುದು ಉತ್ತರ ಸಿಕ್ಕ ನಂತರದ ಆ ಒಂದು ವಾಕ್ಯದಲ್ಲಿ.

ಉತ್ತರ ಬರದಿದ್ದರೆ

ಎಲ್ಲರೂ ಈ ಎಂಜಿನಿಯರ್ ಹಾಗಿರುವುದಿಲ್ಲ. ಮಳೆಯ ಪ್ರಶ್ನೆಗೆ "ನಮ್ಮ ತಂತ್ರಜ್ಞಾನ ಎಷ್ಟೋ ಕಡೆ ಯಶಸ್ವಿ ಆಗಿದೆ" ಎಂಬ ಉತ್ತರ ಬಂದರೆ ಒಂದು ಸಲ, ಒಂದೇ ಸಲ, ಪ್ರಶ್ನೆಯನ್ನು ಚಿಕ್ಕದು ಮಾಡಿ ತಿರುಗಿ ಕೇಳಿ: "ಗುಂಡಿ ಇಲ್ಲದ ಬೋರು ಅಳೆದಿದ್ದೀರೋ ಇಲ್ವೋ, ಅಷ್ಟು ಹೇಳಿ ಸಾಕು." ಹೌದು ಅಥವಾ ಇಲ್ಲ ಎನ್ನಲು ಅಲ್ಲಿ ಯಾರಿಗೂ ಕಷ್ಟವಾಗಬಾರದು. ಆಗಲೂ ಬರದಿದ್ದರೆ "ಹಾಗಾದ್ರೆ ಅಳೆದಿಲ್ಲ ಅಂತ ಬರ್ಕೋತೀನಿ, ಇದ್ರೆ ಆಮೇಲೆ ತೋರಿಸಿ" ಎಂದು ಕೂತುಬಿಡಿ. ಉತ್ತರ ಬರಲಿಲ್ಲ ಎಂಬುದು ಸಭೆಗೆ ಆಗಲೇ ಗೊತ್ತಾಗಿರುತ್ತದೆ. ಮೂರನೇ ಸಲ ಕೇಳಿದರೆ ಜನರ ಕನಿಕರ ಗೋಡೆಯ ಪಕ್ಕ ನಿಂತವರ ಕಡೆಗೆ ಜಾರುತ್ತದೆ.

ಅಧ್ಯಕ್ಷತೆ ವಹಿಸಿದವರು ಇಂಥ ಹೊತ್ತಿನಲ್ಲಿ "ಊಟದ ಸಮಯ ಆಯ್ತು" ಎಂದು ನಡುವೆ ಬರುವುದು ವಾಡಿಕೆ. ಬರುವುದಾದರೆ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಯಾವಾಗ ಉತ್ತರ ಎಂದು ಒಂದು ದಿನ ಹೇಳಿ ಬರಲಿ.

ಕೆಲವು ಪ್ರಶ್ನೆ ಸಭೆಯಲ್ಲಿ ಕೇಳಲೇಬಾರದವು. ಒಣಗಿದ ಮೂರು ಬೋರು ಯಾರವು ಎಂಬುದು ಅಂಥದ್ದು. ಸಾಲ ಮಾಡಿ ಕೊರೆಸಿದವರ ಹೆಸರನ್ನು ಡೈರಿ ಕಟ್ಟಡದಲ್ಲಿ ಕೂಗುವುದು ಯಾರಿಗೂ ಬೇಡ. ಅದಕ್ಕೇ ಯಜಮಾನರು "ಆಮೇಲೆ ತೋರಿಸಿ" ಎಂದದ್ದು. ಟೇಪು ಇಳಿಸುವ ಮುಂಚೆ ಪಂಪು ಎಷ್ಟು ಹೊತ್ತು ನಿಂತಿತ್ತು ಎಂಬ ಪ್ರಶ್ನೆಯೂ ಆಮೇಲಿನದೇ, ಆದರೆ ಬೇರೆ ಕಾರಣಕ್ಕೆ. ಪಂಪು ನಿಲ್ಲಿಸಿದ ಕೂಡಲೇ ಅಳೆದರೆ ಮಟ್ಟ ಆಳದಲ್ಲಿ ತೋರುತ್ತದೆ, ರಾತ್ರಿಯಿಡೀ ಬಿಟ್ಟರೆ ಮೇಲೆ ಬಂದಿರುತ್ತದೆ. ತ್ರೀ ಫೇಸ್ ಕರೆಂಟು ಯಾವ ಪಾಳಿಯಲ್ಲಿತ್ತು, ಪಕ್ಕದ ತೋಟದ ಪಂಪು ಓಡುತ್ತಿತ್ತೇ ಎಂಬುದೂ ಅದರಲ್ಲಿ ಸೇರುತ್ತದೆ. ಇದಕ್ಕೆಲ್ಲ ಬೋರಿನ ಪಕ್ಕ ನಿಂತು ಪುಸ್ತಕ ತೆರೆಯಬೇಕು.

ಮುಂದಿನ ಊರಿಗೆ ಹೋಗುವ ಮುಂಚೆ ಆ ಚಿತ್ರದ ತಲೆಬರಹ ಹೀಗಾಗಬೇಕು: "2022 ಮೇ–ನವೆಂಬರ್: ಗುಂಡಿ ಇದ್ದ 12 ಬೋರಿನಲ್ಲಿ ಸರಾಸರಿ 120 ಅಡಿ, ಇಲ್ಲದ 4 ಬೋರಿನಲ್ಲಿ 95 ಅಡಿ ಏರಿಕೆ. 2023 ಮೇ ಹೊತ್ತಿಗೆ ವ್ಯತ್ಯಾಸ 5 ಅಡಿ. ಒಣಗಿದ್ದು 3, ಅಳೆಯಲಾಗದ್ದು 5." ಗೋಡೆಯ ಮೇಲೆ ಇದು ಹಿಂದಿನಷ್ಟು ಚೆಂದ ಕಾಣುವುದಿಲ್ಲ. ಆದರೆ 2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಹರಿದು ಬರುವ ನೀರೇ ಇಲ್ಲದ ವರ್ಷ ಗುಂಡಿ ಏನು ಮಾಡುತ್ತದೆ? ಯಜಮಾನರು ಮತ್ತೆ ಕೈ ಎತ್ತುವುದಾದರೆ ಕೇಳುವುದು 2024ರ ಮೇ ತಿಂಗಳ ಅಳತೆಯನ್ನೇ.